ಲೋಟ ಎಣಿಸುವ ಮೊದಲು ಪುಡಿ ನೋಡಿ: ಕಾಫಿ, ಚಹಾದ ಕೆಫೀನ್ ಯಾರಿಗೆ ಎಷ್ಟು?

ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿದರೆ ತೊಂದರೆಯಿಲ್ಲ? ಬಿ.ಪಿ. ಮಾತ್ರೆ ಶುರುವಾದವರು ಇದನ್ನು ಕೇಳುತ್ತಾರೆ. ಬಸುರಿ ಮಗಳಿಗೆ ಕಾಫಿ ಕೊಡಬಹುದೇ ಎಂದು ತಾಯಂದಿರು ಕೇಳುತ್ತಾರೆ. ರಾತ್ರಿ ಒಂದು ಗಂಟೆಯಾದರೂ ಕಣ್ಣು ಮುಚ್ಚಲಾಗದವರು ಕಾಫಿ ಬಿಟ್ಟು ಚಹಾ ಹಿಡಿಯಲೇ ಎಂದು ಕೇಳುತ್ತಾರೆ. ಎಲ್ಲರಿಗೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ಎರಡು ಲೋಟ ಸಾಕು.' ಈ ಉತ್ತರದಿಂದ ಹೆಚ್ಚು ಉಪಯೋಗವಿಲ್ಲ. ಒಂದು ಮನೆಯ ಎರಡು ಲೋಟ ಕಾಫಿಯಲ್ಲಿರುವ ಕೆಫೀನ್, ಪಕ್ಕದ ಮನೆಯ ನಾಲ್ಕು ಲೋಟದಲ್ಲಿರುವುದಕ್ಕಿಂತ ಹೆಚ್ಚಿರಬಹುದು. ಲೋಟ ಅದೇ, ಬಣ್ಣವೂ ಅದೇ. ವ್ಯತ್ಯಾಸ ಇರುವುದು ಅಂಗಡಿಯಿಂದ ತಂದ ಪುಡಿಯಲ್ಲಿ.

ಹಾಗಾಗಿ ಫಿಲ್ಟರ್ ಕಾಫಿ, ಇನ್‌ಸ್ಟಂಟ್, ಕುದಿಸಿದ ಹಾಲಿನ ಚಹಾ, ಗ್ರೀನ್ ಟೀ, ಕಷಾಯ ಇವುಗಳಲ್ಲಿ ಯಾವುದು ಯಾರಿಗೆ ಸರಿ ಎಂದು ನೋಡುವ ಮೊದಲು, ಯಾವುದರಿಂದ ಅಳೆಯಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳೋಣ.

ನಾಲ್ಕು ಅಳತೆಗಳು

ಮೊದಲನೆಯದು ದಿನದ ಒಟ್ಟು ಕೆಫೀನ್. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ ಪ್ರಕಾರ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ, ಒಂದೇ ಸಲಕ್ಕಾದರೆ 200 ಮಿಲಿಗ್ರಾಂ ದಾಟಬಾರದು. ಅಮೆರಿಕದವರು ಹೇಳುವುದೂ 400. ಹೈದರಾಬಾದಿನ ನಮ್ಮ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ 300 ಮಿಲಿಗ್ರಾಂ ಎಂದು ಗೆರೆ ಎಳೆದಿದೆ. ನಾನು ನಮ್ಮವರಿಗೆ ಹೇಳುವುದು 300ನ್ನೇ. 400 ಎಂಬ ಲೆಕ್ಕ ಸುಮಾರು 70 ಕಿಲೋ ತೂಕದ ದೇಹಕ್ಕೆ ಹೊಂದುವಂಥದ್ದು. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ತೂಕ 50 ಕಿಲೋ ಆಸುಪಾಸಿನಲ್ಲಿರುತ್ತದೆ. ತೂಕಕ್ಕೆ ತಕ್ಕಂತೆ ಇಳಿಸಿದರೆ ಅವರ ಪಾಲಿಗೆ ಬರುವುದು 285. ಅಂದರೆ 300ರ ಹತ್ತಿರ.

ಎರಡನೆಯದು ಕೊನೆಯ ಲೋಟದ ಹೊತ್ತು. ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ 80 ಮಿಲಿಗ್ರಾಂ ಕುಡಿದವರ ಮೈಯಲ್ಲಿ ರಾತ್ರಿ ಹನ್ನೊಂದಕ್ಕೆ ಇನ್ನೂ 40 ಉಳಿದಿರುತ್ತದೆ. ಈ ಐದು ಗಂಟೆ ಸರಾಸರಿ ಮಾತ್ರ. ಕೆಫೀನನ್ನು ಕರಗಿಸುವುದು ಪಿತ್ತಜನಕಾಂಗದ ಒಂದು ಕಿಣ್ವ. ಅದರ ಕೆಲಸ ಕೆಲವರಲ್ಲಿ ಹುಟ್ಟಿನಿಂದಲೇ ಚುರುಕು, ಕೆಲವರಲ್ಲಿ ನಿಧಾನ. ಬೀಡಿ, ಸಿಗರೇಟು ಸೇದುವವರಲ್ಲಿ ಈ ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸುಮಾರು ಎರಡು ಪಟ್ಟಾಗುತ್ತದೆ, ತುಂಬು ಬಸುರಿಯಲ್ಲಿ ಹದಿನೈದು ಗಂಟೆಯವರೆಗೂ ಹೋಗುತ್ತದೆ. 'ಊಟ ಆದ ಮೇಲೆ ಕಾಫಿ ಕುಡಿದೂ ಗೊರಕೆ ಹೊಡೀತೀನಿ' ಎನ್ನುವ ಭಾವನ ಮಾತೂ, 'ನಾಲ್ಕು ಗಂಟೆ ಮೇಲೆ ಕುಡಿದ್ರೆ ರಾತ್ರಿಯೆಲ್ಲಾ ಜಾಗರಣೆ' ಎನ್ನುವ ಅಕ್ಕನ ಮಾತೂ ಎರಡೂ ನಿಜವಾಗಿರಬಹುದು.

ಮೂರನೆಯದು ಜೊತೆಗೆ ಏನನ್ನು ತಿನ್ನುತ್ತೇವೆ, ಯಾವ ಮಾತ್ರೆ ನುಂಗುತ್ತೇವೆ ಎಂಬುದು. ನಾಲ್ಕನೆಯದು ಖರ್ಚು. ಪುಡಿಯ ಬೆಲೆ ಈಚೆಗೆ ಏರಿರುವುದರಿಂದ ಎಷ್ಟೋ ಮನೆಗಳು ಅಗ್ಗದ ಮಿಶ್ರಣಕ್ಕೆ ಇಳಿದಿವೆ. ಅದರಿಂದ ಕೆಫೀನ್ ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ ಎಂದು ಯಾರೂ ಯೋಚಿಸಿದಂತಿಲ್ಲ.

ಫಿಲ್ಟರ್ ಕಾಫಿ: ಎಲ್ಲಕ್ಕಿಂತ ಹೆಚ್ಚು ಹಿಗ್ಗುವ, ಕುಗ್ಗುವ ಲೋಟ

ನಮ್ಮ ಮನೆಗಳ ಫಿಲ್ಟರ್ ಕಾಫಿಯ ಕೆಫೀನ್ ಎರಡು ಸಂಗತಿಗಳ ಮೇಲೆ ನಿಂತಿದೆ. ಬೀಜ ಅರೇಬಿಕಾವೋ ರೋಬಸ್ಟಾವೋ ಎಂಬುದು ಒಂದು, ಚಿಕೋರಿ ಎಷ್ಟು ಎಂಬುದು ಇನ್ನೊಂದು. ಅರೇಬಿಕಾ ಬೀಜದ ತೂಕದಲ್ಲಿ ಕೆಫೀನ್ ನೂರಕ್ಕೆ ಸುಮಾರು 1.2 ಭಾಗ. ರೋಬಸ್ಟಾದಲ್ಲಿ ಸುಮಾರು 2.2 ಭಾಗ, ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿ ಒಂದು ಬೇರು, ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಒಂದಿಷ್ಟೂ ಇಲ್ಲ.

ಇಲ್ಲಿ ಕಣ್ಣು ಮೋಸ ಹೋಗುತ್ತದೆ. ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದ, ಕಹಿ ಕೊಡುವುದರಲ್ಲಿ ಚಿಕೋರಿಯ ಪಾಲು ದೊಡ್ಡದು. ಎಲ್ಲರೂ 'ಸ್ಟ್ರಾಂಗ್' ಎನ್ನುವ ದಪ್ಪ ಕಾಫಿಯಲ್ಲಿ ಕೆಫೀನ್ ಕಡಿಮೆ ಇರಬಹುದು. ಚಿಕೋರಿಯೇ ಇಲ್ಲದ ಶುದ್ಧ ಪುಡಿಯ ತಿಳಿಯಾದ ಕಾಫಿಯಲ್ಲಿ ಅದಕ್ಕಿಂತ ಹೆಚ್ಚಿರಬಹುದು. ಕಡುವಾಗಿ ಹುರಿದ ಮಾತ್ರಕ್ಕೆ ಕೆಫೀನ್ ಏರುವುದಿಲ್ಲ, ಇಳಿಯುವುದೂ ಇಲ್ಲ. ಪೀಬೆರಿ ಎಂದರೆ ಕೆಫೀನ್ ಕಡಿಮೆ ಎಂಬ ನಂಬಿಕೆಯೂ ಕೆಲವರಲ್ಲಿದೆ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ದುಂಡು ಬೀಜ ಬೆಳೆದರೆ ಅದು ಪೀಬೆರಿ. ಅರೇಬಿಕಾದಲ್ಲೂ ಪೀಬೆರಿ ಇದೆ, ರೋಬಸ್ಟಾದಲ್ಲೂ ಇದೆ.

ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಜನರ ಮನೆ. ಬೆಳಿಗ್ಗೆ ಫಿಲ್ಟರಿಗೆ 20 ಗ್ರಾಂ ಪುಡಿ ಹಾಕುತ್ತಾರೆ, ಅಂದರೆ ಊಟದ ಚಮಚದಲ್ಲಿ ಸುಮಾರು ನಾಲ್ಕು. ಇಳಿದ ಡಿಕಾಕ್ಷನ್ನನ್ನು ನಾಲ್ಕು ಲೋಟಕ್ಕೆ ಸಮನಾಗಿ ಹಂಚುತ್ತಾರೆ. ಪುಡಿಯಲ್ಲಿರುವ ಕೆಫೀನೆಲ್ಲ ಮೊದಲ ಡಿಕಾಕ್ಷನ್ನಿನಲ್ಲಿ ಇಳಿಯುವುದಿಲ್ಲ, ಸ್ವಲ್ಪ ಚರಟದಲ್ಲೇ ಉಳಿಯುತ್ತದೆ. ನೂರರಲ್ಲಿ 85 ಭಾಗ ಇಳಿಯಿತು ಎಂದಿಟ್ಟುಕೊಳ್ಳೋಣ.

ಪುಡಿ 80:20 ಆಗಿದ್ದು, ಅಂದರೆ ನೂರಕ್ಕೆ 80 ಭಾಗ ಕಾಫಿ, 20 ಭಾಗ ಚಿಕೋರಿ ಇದ್ದು, ಕಾಫಿಯ ಭಾಗವೆಲ್ಲ ಅರೇಬಿಕಾ ಆಗಿದ್ದರೆ, 16 ಗ್ರಾಂ ಕಾಫಿಯಲ್ಲಿ 192 ಮಿಲಿಗ್ರಾಂ ಕೆಫೀನ್ ಇರುತ್ತದೆ. ಇಳಿಯುವುದು ಸುಮಾರು 163, ಲೋಟಕ್ಕೆ 40. ಅದೇ 80:20 ರೋಬಸ್ಟಾ ಆದರೆ ಲೋಟಕ್ಕೆ 75. ಅರೇಬಿಕಾವನ್ನೇ 60:40 ಮಾಡಿಸಿದರೆ ಲೋಟಕ್ಕೆ 30. ರೋಬಸ್ಟಾದ 60:40ರಲ್ಲಿ ಲೋಟಕ್ಕೆ 56.

ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ರೋಬಸ್ಟಾ ಹೆಚ್ಚಿರುವ, ಚಿಕೋರಿ ಹೆಚ್ಚಿರುವ ಅಗ್ಗದ ಪುಡಿಯ ಲೋಟದಲ್ಲಿ 56 ಇದೆ. ದುಬಾರಿ 80:20 ಅರೇಬಿಕಾದಲ್ಲಿ 40. ಚಿಕೋರಿ ಜಾಸ್ತಿ ಇರುವ ಪುಡಿ ತಂದರೆ ಕೆಫೀನ್ ಕಡಿಮೆಯಾಯಿತು ಎಂದು ಸಮಾಧಾನಪಟ್ಟುಕೊಂಡವರು, ಬೀಜ ಯಾವುದೆಂದು ಕೇಳದೆ ಇದ್ದರೆ, ಮೊದಲಿಗಿಂತ ಹೆಚ್ಚೇ ಕುಡಿಯುತ್ತಿರಬಹುದು. ಬೆಲೆ ಇಳಿಸುವ ಎರಡು ದಾರಿಗಳಲ್ಲಿ ಚಿಕೋರಿ ಕೆಫೀನನ್ನು ಕೆಳಗೆ ಎಳೆಯುತ್ತದೆ, ರೋಬಸ್ಟಾ ಮೇಲೆ ಎಳೆಯುತ್ತದೆ. ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾವಾರು ಬರೆಯುವುದು ಕಡ್ಡಾಯ. ಬೀಜ ಯಾವುದೆಂದು ಮಾತ್ರ ಎಲ್ಲ ಪೊಟ್ಟಣಗಳಲ್ಲೂ ಇರುವುದಿಲ್ಲ.

ಅದಕ್ಕೇ ಕಣ್ಣೆದುರಿಗೆ ಪುಡಿ ಮಾಡಿಕೊಡುವ ಅಂಗಡಿ ಹತ್ತಿರದಲ್ಲಿದ್ದರೆ ಅದು ಒಳ್ಳೆಯದು. 'ಯಾವ್ದು ಕೊಡ್ಲಿ ಅಕ್ಕಾ, ಪೀಬೆರಿನಾ, ಪ್ಲಾಂಟೇಷನ್ನಾ?' ಎಂದು ಅಂಗಡಿಯವರು ಕೇಳುತ್ತಾರೆ. ಪ್ಲಾಂಟೇಷನ್ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ. 'ಪ್ಲಾಂಟೇಷನ್ನೇ ಕೊಡಿ, ರೋಬಸ್ಟಾ ಬೇಡ, ಚಿಕೋರಿ ಮೂವತ್ತು ಹಾಕಿ' ಎಂದು ಹೇಳಿದರೆ ಸಾಕು, ಕೆಫೀನ್ ಎಷ್ಟೆಂಬ ಅಂದಾಜು ನಿಮ್ಮ ಕೈಯಲ್ಲೇ ಇರುತ್ತದೆ. ಪೀಬೆರಿ ಬೇಕಿದ್ದರೆ 'ಅರೇಬಿಕಾ ಪೀಬೆರಿಯೇ ತಾನೇ?' ಎಂದು ಕೇಳಿಕೊಳ್ಳಿ. ಕಾಲು ಕಿಲೋ ಸಾಕು. ಅದು ಮುಗಿಯುವಷ್ಟರಲ್ಲಿ ರುಚಿ ಹಿಡಿಸಿತೋ ಇಲ್ಲವೋ ಗೊತ್ತಾಗುತ್ತದೆ.

ಎರಡನೇ ಡಿಕಾಕ್ಷನ್ನಿನ ಬಗ್ಗೆಯೂ ಒಂದು ಮಾತು. ಚರಟದಲ್ಲಿ ಉಳಿದದ್ದು ಸ್ವಲ್ಪವೇ ಆದ್ದರಿಂದ ಅದರ ಕಾಫಿಯಲ್ಲಿ ರುಚಿಯಂತೆ ಕೆಫೀನೂ ಕಡಿಮೆ. ಸಂಜೆ ಕಾಫಿ ಬಿಡಲಾರದವರಿಗೆ ಇದು ಖರ್ಚಿಲ್ಲದ ದಾರಿ. ಮಲೆನಾಡಿನ ಬೆಲ್ಲದ ಕಪ್ಪು ಕಾಫಿಗೂ ಹಾಲಿನ ಕಾಫಿಗೂ ಕೆಫೀನ್ ಲೆಕ್ಕದಲ್ಲಿ ಭೇದವಿಲ್ಲ. ಎರಡಕ್ಕೂ ಬಿದ್ದ ಪುಡಿಯೇ ಲೆಕ್ಕ. ಹಾಲು ಜಾಸ್ತಿ ಹಾಕಿದರೆ ಕೆಫೀನ್ ಕಡಿಮೆಯಾಗುವುದಿಲ್ಲ, ಡಿಕಾಕ್ಷನ್ ಕಡಿಮೆ ಹಾಕಿದರೆ ಮಾತ್ರ ಆಗುತ್ತದೆ.

ಇನ್‌ಸ್ಟಂಟ್ ಕಾಫಿ

ಇದರ ಗುಣವೆಂದರೆ ಅಳತೆ ಸುಲಭ. 150 ಮಿಲಿಲೀಟರ್ ಲೋಟಕ್ಕೆ 50ರಿಂದ 65 ಮಿಲಿಗ್ರಾಂ ಎಂದು ಪೌಷ್ಟಿಕಾಂಶ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ ಬೀಜದ ಪುಡಿಯಿಂದ ಇಳಿಸಿದ ಕಾಫಿಗೆ ಹೇಳುವುದು 80ರಿಂದ 120. ಗಟ್ಟಿ ಡಿಕಾಕ್ಷನ್ ಧಾರಾಳವಾಗಿ ಸುರಿಯುವ ಮನೆಗಳಲ್ಲಿ ಫಿಲ್ಟರ್ ಕಾಫಿ ಖಂಡಿತ ಅಷ್ಟು ಮುಟ್ಟುತ್ತದೆ. ಇನ್‌ಸ್ಟಂಟ್ ಕಾಫಿಯ ಅಪಾಯ ಇರುವುದು ಚಮಚದಲ್ಲಿ. ಮಟ್ಟ ಚಮಚಕ್ಕೂ ರಾಶಿ ಚಮಚಕ್ಕೂ ಎರಡು ಪಟ್ಟಿನ ಅಂತರವಿದೆ. ಪರೀಕ್ಷೆಗೆ ಓದುವ ಮಕ್ಕಳು ರಾತ್ರಿ ಹನ್ನೊಂದಕ್ಕೆ ಎರಡು ರಾಶಿ ಚಮಚ ಕಲಸಿಕೊಂಡರೆ ಒಂದೇ ಸಲಕ್ಕೆ 150 ಮಿಲಿಗ್ರಾಂ ದಾಟಬಹುದು. ಆಮೇಲೆ ಮಲಗಿದರೂ ಗಾಢ ನಿದ್ದೆ ಬಾರದೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ.

ಕುದಿಸಿದ ಚಹಾ: ಕಡಿಮೆ ಹೌದು, ಆದರೆ

ಕಾಫಿ ಬಿಟ್ಟು ಚಹಾ ಹಿಡಿದರೆ ಕೆಫೀನ್ ಇಳಿಯುತ್ತದೆಯೇ? ಲೋಟಕ್ಕೆ ಲೋಟ ಹಿಡಿದು ನೋಡಿದರೆ ಸಾಮಾನ್ಯವಾಗಿ ಹೌದು. ಚಹಾಪುಡಿಯ ತೂಕದಲ್ಲಿ ಕೆಫೀನ್ ನೂರಕ್ಕೆ ಸುಮಾರು ಮೂರು ಭಾಗ, ಅಂದರೆ ಕಾಫಿಬೀಜಕ್ಕಿಂತ ಹೆಚ್ಚು. ಆದರೆ ಲೋಟಕ್ಕೆ ಹಾಕುವ ಪುಡಿ ಎರಡು ಗ್ರಾಂ ಆಸುಪಾಸು ಮಾತ್ರ, ಒಂದು ಸಣ್ಣ ಚಮಚ. ಹಾಗಾಗಿ ಲೋಟಕ್ಕೆ 30ರಿಂದ 65ರೊಳಗೆ ಬರುತ್ತದೆ. ನಾವು ಪುಡಿಯನ್ನು ಹಾಲು ನೀರಿನಲ್ಲಿ ಹಾಕಿ ಚೆನ್ನಾಗಿ ಕುದಿಸುವುದರಿಂದ ಇದ್ದ ಕೆಫೀನೆಲ್ಲ ಹೊರಬರುತ್ತದೆ, ಲೆಕ್ಕ ಮೇಲಿನ ತುದಿಗೇ ಹತ್ತಿರವಿರುತ್ತದೆ. ದರ್ಶಿನಿಯ ಪುಟ್ಟ ಗ್ಲಾಸಿನ ಚಹಾದಲ್ಲಿ ಇದರ ಅರ್ಧವೋ ಮುಕ್ಕಾಲೋ ಎಂದು ಹಿಡಿಯಬಹುದು. ವನ್ ಬೈ ಟು ಹಂಚಿಕೊಂಡರೆ ಇನ್ನೂ ಕಡಿಮೆ. ಕೆಫೀನ್ ಇಳಿಸಬೇಕೆನ್ನುವವರಿಗೆ ನಮ್ಮೂರ ಬೈ ಟು ಪದ್ಧತಿಯಷ್ಟು ಸುಲಭದ ಉಪಾಯ ನನಗೆ ಬೇರೆ ಕಂಡಿಲ್ಲ. ಕಾಫಿಗೂ ಅದು ಸಲ್ಲುತ್ತದೆ, ಜೊತೆಗಾರರ ಮಾತಿಗೂ ಕೊರತೆಯಿಲ್ಲ.

ಚಹಾದ ತೊಂದರೆ ಬೇರೆ ಕಡೆ ಇದೆ. ಕಾಫಿಯನ್ನು ದಿನಕ್ಕೆ ಎರಡೋ ಮೂರೋ ಸಲ ಕುಡಿಯುವವರು ಚಹಾಕ್ಕೆ ಬಂದಾಗ ಆರು ಏಳಕ್ಕೆ ಏರುತ್ತಾರೆ. ಕಚೇರಿಯಲ್ಲಿ ಯಾರು ಎದ್ದರೂ 'ಬನ್ನಿ, ಒಂದು ಟೀ' ಎನ್ನುತ್ತಾರೆ. ಏಳು ಗ್ಲಾಸಿನಲ್ಲಿ ತಲಾ 40 ಎಂದರೂ 280. ಕಾಫಿ ಬಿಟ್ಟ ತೃಪ್ತಿ ಇರುತ್ತದೆ, ಕೆಫೀನ್ ಇದ್ದಲ್ಲೇ ಇರುತ್ತದೆ. ಗ್ಲಾಸಿಗೆ ಎರಡು ಚಮಚದಂತೆ ಸಕ್ಕರೆಯನ್ನೂ ಎಣಿಸಿದರೆ ಹದಿನಾಲ್ಕು ಚಮಚ ಹೊಟ್ಟೆಗೆ ಹೋಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಫೀನಿಗಿಂತ ಇದೇ ದೊಡ್ಡ ಚಿಂತೆ.

ಇನ್ನೊಂದು ತೊಂದರೆ ಕಬ್ಬಿಣಾಂಶದ್ದು. ಚಹಾ, ಕಾಫಿಯಲ್ಲಿರುವ ಒಗರು ಪದಾರ್ಥಗಳು ಅನ್ನ, ರಾಗಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ಹಿಡಿದುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತವೆ. ಈ ವಿಷಯದಲ್ಲಿ ಚಹಾ ಕಾಫಿಗಿಂತ ಕೆಟ್ಟದ್ದು. ಇದು ಕೆಫೀನಿನ ಕೆಲಸವಲ್ಲ, ಆದ್ದರಿಂದ ಕೆಫೀನ್ ತೆಗೆದ ಕಾಫಿಗೆ ಬದಲಾಯಿಸಿದರೂ ಇದು ತಪ್ಪುವುದಿಲ್ಲ. ತಪ್ಪಿಸಲು ಇರುವ ದಾರಿ ಹೊತ್ತು ಬದಲಾಯಿಸುವುದೇ. ಊಟಕ್ಕೆ ಒಂದು ಗಂಟೆ ಮೊದಲೂ, ಆದ ಮೇಲೆ ಒಂದು ಗಂಟೆಯಾದರೂ ಚಹಾ ಕಾಫಿ ಬೇಡ. ತಿಂಡಿ ತಟ್ಟೆಯ ಪಕ್ಕದಲ್ಲೇ ಕಾಫಿ ಲೋಟ ಇಟ್ಟುಕೊಳ್ಳುವ ನಮ್ಮ ರೂಢಿ, ರಕ್ತಹೀನತೆ ಇರುವವರಿಗೆ ನೇರವಾಗಿ ಪೆಟ್ಟು ಕೊಡುತ್ತದೆ.

ಉಳಿದವು

ಗ್ರೀನ್ ಟೀಯಲ್ಲಿ ಕೆಫೀನ್ ಇಲ್ಲವೆಂದು ನಂಬಿ ರಾತ್ರಿ ಊಟದ ನಂತರ ಕುಡಿಯುವವರಿದ್ದಾರೆ. ಅದೂ ಅದೇ ಗಿಡದ ಎಲೆ. ಲೋಟಕ್ಕೆ ಸುಮಾರು 25ರಿಂದ 45 ಮಿಲಿಗ್ರಾಂ ಇರುತ್ತದೆ. ನಿಂಬೆ ಚಹಾಕ್ಕೂ ಇದೇ ಮಾತು, ಅಲ್ಲಿಯೂ ಚಹಾಪುಡಿ ಬಿದ್ದಿದೆ. ಕೆಫೀನ್ ತೆಗೆದ ಕಾಫಿಯಲ್ಲಿ ಲೋಟಕ್ಕೆ ಎರಡರಿಂದ ಹದಿನೈದು ಮಿಲಿಗ್ರಾಂ ಉಳಿದಿರುತ್ತದೆ. ನಿದ್ದೆಗೆ ಅದು ಅಡ್ಡಿಯಲ್ಲ, ಆದರೆ ಎಲ್ಲ ಊರಲ್ಲೂ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿ ಮಾಡಿದ ಕಷಾಯದಲ್ಲಿ ಕೆಫೀನ್ ಸೊನ್ನೆ. ಸಂಜೆ ಬಿಸಿಬಿಸಿಯಾಗಿ ಏನಾದರೂ ಕುಡಿಯಬೇಕೆನ್ನುವ ಆಸೆಯನ್ನು ಅದು ಚೆನ್ನಾಗಿ ತೀರಿಸುತ್ತದೆ. ಕಾಫಿ ಬಿಡಬೇಕಾದವರಿಗೆ ನಾನು ಮೊದಲು ಹೇಳುವುದು ಅದನ್ನೇ. ಎನರ್ಜಿ ಡ್ರಿಂಕುಗಳಲ್ಲಿ 250 ಮಿಲಿಲೀಟರಿಗೆ 75 ಮಿಲಿಗ್ರಾಂವರೆಗೆ ಕೆಫೀನ್ ಇರಲು ನಮ್ಮ ಕಾನೂನು ಬಿಡುತ್ತದೆ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ, ಹಿಂಬದಿಯ ಸಣ್ಣ ಅಕ್ಷರ ಓದಿ. ಲೆಕ್ಕ ಹಾಕುವಾಗ ಇವನ್ನೂ ಸೇರಿಸಬೇಕು.

ಯಾರು ಕಡಿಮೆ ಮಾಡಬೇಕು

ಮೊದಲು ಬಸುರಿಯರು. ಇವರಿಗೆ ದಿನಕ್ಕೆ 200 ಮಿಲಿಗ್ರಾಂ ಮೇಲ್ಮಿತಿ. ಕೆಫೀನ್ ಮಾಸು ದಾಟಿ ಮಗುವನ್ನು ಸೇರುತ್ತದೆ. ಅದನ್ನು ಕರಗಿಸುವ ಕಿಣ್ವ ಹೊಟ್ಟೆಯಲ್ಲಿರುವ ಮಗುವಿಗೆ ಇರುವುದಿಲ್ಲ. ಹೆಚ್ಚು ಕೆಫೀನ್ ಕುಡಿದ ತಾಯಂದಿರ ಮಕ್ಕಳ ಹುಟ್ಟುತೂಕ ಕಡಿಮೆ ಎಂದು ಕಂಡುಬಂದಿದೆ. ಒಂದು ಉದಾಹರಣೆಯಲ್ಲಿ ಪೂರ್ತಿ ನೋಡೋಣ.

ಹಾಸನದ ಕಡೆಯ ಒಬ್ಬ ಶಿಕ್ಷಕಿ, ಐದು ತಿಂಗಳ ಬಸುರಿ ಎಂದಿಟ್ಟುಕೊಳ್ಳಿ. ಮನೆಯ ಪುಡಿ 80:20, ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ. ಮೇಲಿನ ಲೆಕ್ಕದಂತೆ ಲೋಟಕ್ಕೆ 58 ಮಿಲಿಗ್ರಾಂ. ಬೆಳಿಗ್ಗೆ ಆಕೆ ಕುಡಿಯುವುದು ದೊಡ್ಡ ಲೋಟ, ಒಂದೂವರೆಯಷ್ಟು. ಅದು 87. ಹನ್ನೊಂದಕ್ಕೆ ಶಾಲೆಯಲ್ಲಿ ಚಹಾ 40, ನಾಲ್ಕಕ್ಕೆ ಇನ್ನೊಂದು 40. ಮನೆಗೆ ಬಂದು ಆರೂವರೆಗೆ ಒಂದು ಲೋಟ ಕಾಫಿ, 58. ಒಟ್ಟು 225. 'ನಾನು ಎರಡೇ ಕಾಫಿ ಕುಡಿಯೋದು' ಎಂದು ಆಕೆ ಹೇಳುವುದು ಸುಳ್ಳಲ್ಲ, ಆದರೂ ಮಿತಿ ದಾಟಿದೆ.

ಆಕೆಯ ಮುಂದೆ ಮೂರು ದಾರಿಗಳಿವೆ. ಶಾಲೆಯ ಎರಡೂ ಚಹಾ ಬಿಟ್ಟರೆ ಒಟ್ಟು 145ಕ್ಕೆ ಇಳಿಯುತ್ತದೆ. ಆದರೆ ಜೊತೆಯವರೆಲ್ಲ ಕುಡಿಯುವಾಗ ಸುಮ್ಮನೆ ಕೂರುವುದು ಎಷ್ಟು ದಿನ ನಡೆದೀತು? ಪುಡಿಯನ್ನು ಅರೇಬಿಕಾ 60:40ಕ್ಕೆ ಬದಲಾಯಿಸಿದರೆ ಯಾವ ಲೋಟವನ್ನೂ ಬಿಡದೆ 155ಕ್ಕೆ ಬರುತ್ತದೆ. ಆದರೆ ಮನೆಯವರೆಲ್ಲ ಹೊಸ ರುಚಿಗೆ ಒಪ್ಪಬೇಕು, ಅತ್ತೆಯವರು ಚಿಕೋರಿ ಜಾಸ್ತಿಯಾಯಿತು ಎನ್ನಬಹುದು. ಸಂಜೆಯ ಕಾಫಿ ಒಂದನ್ನೇ ಬಿಟ್ಟು ಕಷಾಯವೋ ಹಾಲೋ ಕುಡಿದರೆ 167. ಮೂರರಲ್ಲಿ ನಾನು ಆರಿಸುವುದು ಸಂಜೆಯದನ್ನು ಬಿಡುವ ದಾರಿಯನ್ನೇ. ತಿಂಗಳು ತುಂಬುತ್ತಾ ಹೋದಂತೆ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಸಂಜೆ ಕುಡಿದದ್ದು ರಾತ್ರಿಯಿಡೀ ಉಳಿಯುತ್ತದೆ, ಮೊದಲೇ ಕಷ್ಟವಾಗಿರುವ ನಿದ್ದೆ ಇನ್ನೂ ಹಾಳಾಗುತ್ತದೆ. ಇನ್ನೊಂದು ಗಮನ ಬೇಕು. ಕಬ್ಬಿಣದ ಮಾತ್ರೆಯನ್ನು ಮಧ್ಯಾಹ್ನ ಊಟದ ನಂತರ ನುಂಗುತ್ತಿದ್ದರೆ ನಾಲ್ಕರ ಚಹಾ ಎರಡಕ್ಕೆ ಸರಿಯದಂತೆ ನೋಡಿಕೊಳ್ಳಬೇಕು. ಮಾತ್ರೆಯನ್ನು ನೀರಿನ ಜೊತೆಗೋ ನಿಂಬೆ ಪಾನಕದ ಜೊತೆಗೋ ತೆಗೆದುಕೊಂಡರೆ ಚೆನ್ನ. ಬಾಣಂತಿಯರಿಗೂ 200ರ ಮಿತಿಯೇ. ಹಾಲಿನ ಮೂಲಕ ಹೋಗುವುದು ಸ್ವಲ್ಪವೇ ಆದರೂ ಎಳೆಗೂಸಿನ ಮೈಯಲ್ಲಿ ಅದು ದಿನಗಟ್ಟಲೆ ನಿಲ್ಲುತ್ತದೆ. ತಾಯಿ ಕಾಫಿ ಕುಡಿದ ದಿನಗಳಲ್ಲಿ ಕೂಸು ನಿದ್ದೆಗೆಟ್ಟು ರಚ್ಚೆ ಹಿಡಿಯುತ್ತಿದ್ದರೆ ಕೆಲವು ದಿನ ಬಿಟ್ಟು ನೋಡಬೇಕು.

ನಿದ್ದೆ ಬಾರದವರು ಒಟ್ಟು ಪ್ರಮಾಣಕ್ಕಿಂತ ಮೊದಲು ಹೊತ್ತನ್ನು ಬದಲಾಯಿಸಬೇಕು. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಯಿತೆಂದು 2013ರ ಒಂದು ಅಧ್ಯಯನ ತೋರಿಸಿತು. ಅದು ದೊಡ್ಡ ಪ್ರಮಾಣ, ನಿಜ. ಆದರೆ ನಿಧಾನವಾಗಿ ಕರಗಿಸುವವರಿಗೆ ಸಂಜೆಯ ಒಂದು ಲೋಟವೂ ಸಾಕಾಗುತ್ತದೆ. ನೀವು ಯಾವ ಗುಂಪು ಎಂದು ತಿಳಿಯಲು ಎರಡು ವಾರ ಮಧ್ಯಾಹ್ನ ಎರಡರ ನಂತರ ಚಹಾ ಕಾಫಿ ಮುಟ್ಟದೆ ನೋಡಿ. ನಿದ್ದೆ ಸುಧಾರಿಸಿದರೆ ಬೆಳಗಿನ ಎರಡು ಲೋಟ ಬಿಡುವ ಅಗತ್ಯವೇ ಇಲ್ಲ. ಸುಧಾರಿಸದಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು.

ಬಿ.ಪಿ. ಇರುವವರಿಗೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಕಾಫಿ ಕುಡಿಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತು ಬಿ.ಪಿ. ನೋಡಿ ಬರೆದುಕೊಳ್ಳಿ. ಕುಡಿದ ಅರ್ಧ ಗಂಟೆಗೆ ಒಮ್ಮೆ, ಒಂದು ಗಂಟೆಗೆ ಇನ್ನೊಮ್ಮೆ ನೋಡಿ. ಐದರಿಂದ ಹತ್ತು ಅಂಕ ಏರಿದರೆ ಕೆಫೀನ್ ನಿಮ್ಮನ್ನು ಮುಟ್ಟುತ್ತಿದೆ, ಕಡಿಮೆ ಮಾಡಿ. ದಿನಾ ಕುಡಿಯುವ ಅನೇಕರಲ್ಲಿ ಅಷ್ಟು ಏರುವುದಿಲ್ಲ. ಅಂಥವರು ಬಿ.ಪಿ. ಹತೋಟಿಯಲ್ಲಿರುವವರೆಗೆ ಒಂದೆರಡು ಲೋಟ ಕುಡಿದರೆ ಚಿಂತೆ ಬೇಡ. ಆದರೆ ಬಿ.ಪಿ. 160/100 ದಾಟಿದವರ ಮಾತು ಬೇರೆ. ಜಪಾನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಇಷ್ಟು ಬಿ.ಪಿ. ಇದ್ದು ದಿನಕ್ಕೆ ಎರಡು ಅಥವಾ ಹೆಚ್ಚು ಲೋಟ ಕಾಫಿ ಕುಡಿಯುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಸುಮಾರು ಎರಡು ಪಟ್ಟು ಕಂಡಿತು. ಗ್ರೀನ್ ಟೀ ಕುಡಿಯುವವರಲ್ಲಿ ಹಾಗೆ ಕಾಣಲಿಲ್ಲ. ಬಿ.ಪಿ. ಹತೋಟಿಗೆ ಬರುವವರೆಗೆ ಇವರಿಗೆ ಒಂದು ಲೋಟ ಮೀರದಿರುವುದು ಕ್ಷೇಮ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಾಫಿ ಕುಡಿದು ಬಿ.ಪಿ. ತೋರಿಸಬೇಡಿ, ಏರಿದ ಅಂಕಕ್ಕೆ ಮಾತ್ರೆ ಏರೀತು.

ಥೈರಾಯ್ಡ್ ಮಾತ್ರೆ ನುಂಗುವವರಲ್ಲಿ ಹೆಂಗಸರೇ ಹೆಚ್ಚು. ಬೆಳಿಗ್ಗೆ ಎದ್ದು ಮಾತ್ರೆ, ಹಿಂದೆಯೇ ಕಾಫಿ. ಕಾಫಿ ಆ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಮಾತ್ರೆಯನ್ನು ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಪ್ರಮಾಣ ಎಷ್ಟು ಏರಿಸಿದರೂ ಟಿ.ಎಸ್.ಎಚ್. ಇಳಿಯುತ್ತಿಲ್ಲ ಎಂದಾದರೆ ಮೊದಲು ಈ ಅಂತರವನ್ನು ನೋಡಿಕೊಳ್ಳಿ. ಇವರು ಕಾಫಿ ಕಡಿಮೆ ಮಾಡಬೇಕಿಲ್ಲ, ತಡ ಮಾಡಿದರೆ ಸಾಕು.

ಕೈ ನಡುಗುವುದು, ಎದೆ ಡವಗುಟ್ಟುವುದು, ಕಾರಣವಿಲ್ಲದೆ ಗಾಬರಿಯಾಗುವುದು ಇದ್ದವರು 300ರ ಲೆಕ್ಕವನ್ನು ಮರೆತು ಕಡಿಮೆ ಮಾಡಬೇಕು. ಅವರ ಮೈ ಹೇಳುವ ಮಿತಿಯೇ ಅವರ ಮಿತಿ. ಎದೆಯುರಿ, ಹುಳಿತೇಗಿನವರು ಖಾಲಿ ಹೊಟ್ಟೆಯ ಕಾಫಿಯನ್ನೂ ಮಲಗುವ ಮುಂಚಿನದನ್ನೂ ಮೊದಲು ಬಿಡಲಿ. ಇವರಿಗೆ ಕೆಫೀನ್ ತೆಗೆದ ಕಾಫಿಯಿಂದಲೂ ಉರಿಯಾಗಬಹುದು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೊಟಿಕ್ ತೆಗೆದುಕೊಳ್ಳುವಷ್ಟು ದಿನ ಕೆಫೀನ್ ಕರಗುವುದು ನಿಧಾನವಾಗುತ್ತದೆ, ದಿನಾ ಕುಡಿಯುವ ಕಾಫಿಯೇ ಅತಿಯಾದಂತೆ ಅನ್ನಿಸಬಹುದು. ಉಬ್ಬಸಕ್ಕೆ ಥಿಯೊಫಿಲಿನ್ ಮಾತ್ರೆ ನುಂಗುವವರೂ, ಮನೋರೋಗಕ್ಕೆ ಲಿಥಿಯಂ ತೆಗೆದುಕೊಳ್ಳುವವರೂ ಕಾಫಿಯ ಪ್ರಮಾಣ ಬದಲಾಯಿಸುವ ಮೊದಲು ವೈದ್ಯರಿಗೆ ಹೇಳಲೇಬೇಕು. ಲಿಥಿಯಂ ತೆಗೆದುಕೊಳ್ಳುವವರು ಒಮ್ಮೆಲೇ ಕಾಫಿ ಬಿಟ್ಟರೂ ಅಪಾಯ, ರಕ್ತದಲ್ಲಿ ಆ ಔಷಧದ ಮಟ್ಟ ಏರುತ್ತದೆ.

ಮಕ್ಕಳಿಗೆ ಯುರೋಪಿನ ಲೆಕ್ಕ ಕಿಲೋ ತೂಕಕ್ಕೆ ಮೂರು ಮಿಲಿಗ್ರಾಂ. 20 ಕಿಲೋ ಮಗುವಿಗೆ 60, ಒಂದೇ ಲೋಟಕ್ಕೆ ಮುಗಿದುಹೋಗುತ್ತದೆ. ಅಜ್ಜಿಯ ಲೋಟದಿಂದ ಒಂದೆರಡು ಗುಟುಕು ಕುಡಿದರೆ ಗಾಬರಿಪಡಬೇಕಿಲ್ಲ. ದಿನಾ ಅದರದ್ದೇ ಲೋಟ ಬೇಡ.

ಕಡಿಮೆ ಮಾಡುವುದು ಹೇಗೆ

ಹಬ್ಬದ ಉಪವಾಸದ ದಿನ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುವುದು ಹಲವರಿಗೆ ಗೊತ್ತು. ಹಸಿವಿನಿಂದ ಎಂದುಕೊಳ್ಳುತ್ತಾರೆ. ಬಹಳ ಸಲ ಅದು ಬೆಳಗಿನ ಕಾಫಿ ತಪ್ಪಿದ್ದರ ತಲೆನೋವು. ಕೊನೆಯ ಲೋಟದ ನಂತರ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ಎರಡರಿಂದ ಒಂಬತ್ತು ದಿನ ಇರಬಹುದು. ಜೊತೆಗೆ ಆಯಾಸ, ಸಿಡುಕು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಒಂದು ಲೋಟ ಕುಡಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ನೋವು ಇಳಿದರೆ ಅದು ಕೆಫೀನಿನದ್ದೇ.

ಹಾಗಾಗಿ ನಾಳೆಯಿಂದಲೇ ಬಂದ್ ಎಂದು ಹೊರಡಬೇಡಿ. ವಾರಕ್ಕೆ ಕಾಲು ಭಾಗದಂತೆ ಇಳಿಸಿ. ಫಿಲ್ಟರ್ ಕಾಫಿಯವರಿಗೆ ಇದು ಬಹಳ ಸುಲಭ, ಏಕೆಂದರೆ ಲೋಟ ಮುಟ್ಟದೆ ಪುಡಿಯಲ್ಲೇ ಇಳಿಸಬಹುದು. ಮೊದಲ ವಾರ ಈಗಿನ 80:20 ಪುಡಿಗೆ ಅದರ ಅರ್ಧದಷ್ಟು ಅರೇಬಿಕಾ 60:40 ಬೆರೆಸಿ. ಎರಡನೇ ವಾರ 80:20ರ ಎರಡರಷ್ಟು 60:40 ಬೆರೆಸಿ. ಮೂರನೇ ವಾರ ಪೂರ್ತಿ ಅರೇಬಿಕಾ 60:40ಕ್ಕೆ ಬನ್ನಿ. ರೋಬಸ್ಟಾ ಪುಡಿಯಿಂದ ಹೊರಟವರು ಇಷ್ಟರಲ್ಲೇ ಲೋಟಕ್ಕೆ 75ರಿಂದ 30ಕ್ಕೆ ಇಳಿದಿರುತ್ತಾರೆ, ಬೆಳಗಿನ ಲೋಟ, ಸಂಜೆಯ ಲೋಟ ಎರಡೂ ಹಾಗೇ ಉಳಿದಿರುತ್ತವೆ. ಚಹಾದವರು ಪಾತ್ರೆಗೆ ಹಾಕುವ ಪುಡಿಯನ್ನು ಕಾಲು ಚಮಚದಂತೆ ಕಡಿಮೆ ಮಾಡಿ ಆ ಜಾಗಕ್ಕೆ ಶುಂಠಿ, ಏಲಕ್ಕಿ ಜಜ್ಜಿ ಹಾಕಿದರೆ ರುಚಿ ಅಷ್ಟಾಗಿ ಕೆಡುವುದಿಲ್ಲ. ನಡುವೆ ತಲೆನೋವು ಬಂದರೆ ಆ ವಾರದ ಅಳತೆಯಲ್ಲೇ ಇನ್ನೊಂದು ವಾರ ನಿಲ್ಲಿ. ಮಾತ್ರೆ ನುಂಗಬೇಕೆನಿಸಿದರೆ ಅದರಲ್ಲಿ ಕೆಫೀನ್ ಇಲ್ಲವೆಂದು ಓದಿಕೊಂಡು ನುಂಗಿ. ಹತ್ತು ದಿನ ಕಳೆದರೂ ನೋವು ಬಿಡದಿದ್ದರೆ ಅದು ಕಾಫಿಯ ತಲೆನೋವಲ್ಲ, ವೈದ್ಯರಿಗೆ ತೋರಿಸಿ.